ತಿಂಗಳಿಗೆ ₹20,000 ಪಿಂಚಣಿ, ಹತ್ತು ವರ್ಷದ ಮೇಲೆ ಅದಕ್ಕೆಷ್ಟು ಬೆಲೆ? ಹಣದುಬ್ಬರದ ಲೆಕ್ಕ ಹಾಕುವ ಸರಿಯಾದ ಕ್ರಮ

ಪ್ರಶ್ನೆ ಇಷ್ಟೇ. ತಿಂಗಳಿಗೆ ₹20,000 ಪಿಂಚಣಿ ಬರುತ್ತದೆ. ಅದು ಯಾವತ್ತೂ ಹೆಚ್ಚುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರುತ್ತಾ ಹೋಗುತ್ತವೆ. ಹತ್ತು ವರ್ಷದ ಮೇಲೆ ಆ ₹20,000ಕ್ಕೆ ಇವತ್ತಿನ ರೂಪಾಯಿಯಲ್ಲಿ ಎಷ್ಟು ಬೆಲೆ?

ಓದುಗರು ಲೆಕ್ಕ ಹಾಕಿ ಕಳಿಸುವ ಉತ್ತರಗಳಲ್ಲಿ ಮೂರು ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ: ₹8,000, ₹10,772 ಮತ್ತು ₹35,817. ಮೂರೂ ತಪ್ಪು. ಸರಿಯಾದ ಉತ್ತರ ₹11,168. ಒಂದೊಂದು ತಪ್ಪಿಗೂ ಅದರದ್ದೇ ಕಾರಣ ಇದೆ, ಮತ್ತು ಅದು ಲೆಕ್ಕದ ಯಾವುದೋ ಒಂದು ಹಂತದಲ್ಲಿ ನುಸುಳುತ್ತದೆ. ಹಾಗಾಗಿ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ, ಯಾವುದನ್ನೂ ಹಾರಿಸಬೇಡಿ.

## ಶುರು ಮಾಡುವ ಮುಂಚೆ

ಒಂದು ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸಿ ಅಭ್ಯಾಸ ಇದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ಮೊದಲ ಸಲ ಕೈಯಲ್ಲೇ ಮಾಡಿ. ಸೂತ್ರ ತಪ್ಪಾಗಿ ಟೈಪ್ ಮಾಡಿದಾಗ ಅದು ತಪ್ಪು ಅಂತ ಗೊತ್ತಾಗಬೇಕಾದರೆ ಉತ್ತರ ಸುಮಾರು ಎಲ್ಲಿರಬೇಕು ಎಂಬ ಅಂದಾಜು ಇರಬೇಕು.

ನಿಮ್ಮ ಹಣ ನಿಜವಾಗಲೂ ನಿಗದಿತ ಮೊತ್ತವೇ ಎಂದೂ ನೋಡಿಕೊಳ್ಳಿ. ಸರ್ಕಾರಿ ನೌಕರರ ಹಳೆಯ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತಾ ಹೋಗುತ್ತದೆ. ಆ ಹಣಕ್ಕೆ ಈ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಹೆಚ್ಚಳವಿಲ್ಲದ ವಿಮಾ ಪಿಂಚಣಿ, ಭವಿಷ್ಯನಿಧಿಯ ಇಪಿಎಸ್ ಪಿಂಚಣಿ, ತಿಂಗಳು ತಿಂಗಳು ಬಡ್ಡಿ ತೆಗೆದುಕೊಳ್ಳುವ ಎಫ್‌ಡಿ, ಬೀರುವಿನಲ್ಲಿಟ್ಟ ನಗದು, ಕೈಸಾಲವಾಗಿ ಬಡ್ಡಿಯಿಲ್ಲದೆ ಕೊಟ್ಟ ಹಣ ಇವೆಲ್ಲ ನಿಗದಿತ ಮೊತ್ತಗಳೇ.

## ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ಇದನ್ನು ಬಿಟ್ಟವರೇ ಜಾಸ್ತಿ. ₹35,817 ಎಂಬ ಉತ್ತರ ಬರುವುದು ಇಲ್ಲಿಂದಲೇ.

ಹಣದುಬ್ಬರದ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಇವತ್ತು ₹20,000ದಲ್ಲಿ ನಡೆಯುವ ಸಂಸಾರಕ್ಕೆ ಹತ್ತು ವರ್ಷದ ಮೇಲೆ ಎಷ್ಟು ಬೇಕಾಗುತ್ತದೆ ಎಂಬುದು ಒಂದು. ಇದಕ್ಕೆ ಗುಣಿಸಬೇಕು, ಉತ್ತರ ದೊಡ್ಡದಾಗುತ್ತದೆ. ಹತ್ತು ವರ್ಷದ ಮೇಲೂ ಕೈಗೆ ₹20,000 ಮಾತ್ರ ಬಂದರೆ ಅದರಲ್ಲಿ ಇವತ್ತಿನ ಎಷ್ಟು ರೂಪಾಯಿಯ ಸಾಮಾನು ಬರುತ್ತದೆ ಎಂಬುದು ಇನ್ನೊಂದು. ಇದಕ್ಕೆ ಭಾಗಿಸಬೇಕು, ಉತ್ತರ ಚಿಕ್ಕದಾಗುತ್ತದೆ. ಕೊಳ್ಳುವ ಶಕ್ತಿ ಎಷ್ಟು ಹೋಯಿತು ಎಂದು ಕೇಳುವಾಗ ನಮಗೆ ಬೇಕಿರುವುದು ಈ ಎರಡನೆಯದು.

ಕಾಗದದ ಮೇಲೆ ಹೀಗೆ ಬರೆಯಿರಿ: "₹20,000, ವರ್ಷಕ್ಕೆ ಶೇ 6, 10 ವರ್ಷ, ಉತ್ತರ ಇವತ್ತಿನ ರೂಪಾಯಿಯಲ್ಲಿ." ಕೊನೆಯ ಮೂರು ಪದ ಮುಖ್ಯ. ಉತ್ತರ ಯಾವ ವರ್ಷದ ರೂಪಾಯಿಯಲ್ಲಿದೆ ಎಂದು ಬರೆಯದೆ ಹೋದರೆ ಆ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಎಚ್ಚರಿಕೆಯ ಗುರುತು: ಬೆಲೆ ಏರುತ್ತಿರುವಾಗ ನಿಮ್ಮ ಉತ್ತರ ಮೂಲ ಮೊತ್ತಕ್ಕಿಂತ ದೊಡ್ಡದಾಗಿ ಬಂದರೆ ನೀವು ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೀರಿ.

## ಹಂತ 2: ದರ ಆರಿಸಿ

ದರ ತಪ್ಪಿದರೆ ಮುಂದಿನ ಗುಣಾಕಾರ ಭಾಗಾಕಾರ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮನೆ ಖರ್ಚಿನ ಲೆಕ್ಕಕ್ಕೆ ಬೇಕಾದದ್ದು ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ. ಇದನ್ನು ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅದರ ತಾಣ mospi.gov.in. ಸುದ್ದಿಯಲ್ಲಿ ಬರುವ ಸಗಟು ಬೆಲೆ ಸೂಚ್ಯಂಕವನ್ನು ಇದಕ್ಕೆ ಬಳಸಬೇಡಿ. ಆಸ್ಪತ್ರೆ ಖರ್ಚು, ಶಾಲೆ ಶುಲ್ಕ, ಬಸ್ ಚಾರ್ಜಿನಂಥ ಸೇವೆಗಳು ಅದರಲ್ಲಿ ಸೇರಿಲ್ಲ.

ಇನ್ನೊಂದು ತಪ್ಪು, ಇತ್ತೀಚಿನ ಒಂದು ತಿಂಗಳ ದರವನ್ನು ಹಿಡಿದು ಹತ್ತಿಪ್ಪತ್ತು ವರ್ಷಕ್ಕೆ ಎಳೆಯುವುದು. 2023ರ ಜುಲೈನಲ್ಲಿ ಸಿಪಿಐ ದರ ಶೇ 7.44 ಇತ್ತು. 2025ರ ಅಕ್ಟೋಬರ್‌ನಲ್ಲಿ ಅದು ಶೇ 0.25ಕ್ಕೆ ಇಳಿಯಿತು. ಮೊದಲನೆಯದನ್ನು ಹಿಡಿದವರು ಗಾಬರಿಯಾಗುತ್ತಾರೆ, ಎರಡನೆಯದನ್ನು ಹಿಡಿದವರು ಚಿಂತೆಯೇ ಇಲ್ಲ ಎಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಒಂದು ತಿಂಗಳ ದರ ಎಂದರೆ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದ ಬದಲಾವಣೆ ಅಷ್ಟೇ. ಹೋದ ವರ್ಷ ತರಕಾರಿ ವಿಪರೀತ ದುಬಾರಿಯಾಗಿದ್ದರೆ ಈ ವರ್ಷದ ದರ ತಾನಾಗಿಯೇ ಕಡಿಮೆ ಕಾಣುತ್ತದೆ. ಇನ್ನೊಂದು ಮಾತು. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ. ಏರುವ ವೇಗ ಕಡಿಮೆಯಾಯಿತು ಎಂದು ಮಾತ್ರ. ಏರಿದ ಬೆಲೆ ಅಲ್ಲೇ ಇರುತ್ತದೆ.

ಮುಂದಿನ ವರ್ಷಗಳ ಅಂದಾಜಿಗೆ ಒಂದೇ ದರ ಹಿಡಿಯದೆ ಮೂರು ದರದಲ್ಲಿ ಲೆಕ್ಕ ಹಾಕಿ. ಶೇ 4, ಏಕೆಂದರೆ ಕೇಂದ್ರ ಸರ್ಕಾರ 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಕೊಟ್ಟ ಗುರಿ ಅದು. ಶೇ 6, ಏಕೆಂದರೆ ಅದೇ ಗುರಿಯ ಮೇಲಿನ ಮಿತಿ ಅದು. ನಡುವೆ ಶೇ 5. 2015-16ರಿಂದ 2024-25ರವರೆಗಿನ ಹತ್ತು ವರ್ಷದಲ್ಲಿ ನಿಜವಾದ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಬಂದಿದೆ. ಅದರ ಲೆಕ್ಕ ಹಂತ 7ರಲ್ಲಿದೆ.

ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಇಲ್ಲಿ ಬಳಸುವವರೂ ಇದ್ದಾರೆ. ವರ್ಷಕ್ಕೊಂದೇ ಸಂಖ್ಯೆ, ಸುಲಭವಾಗಿ ಸಿಗುತ್ತದೆ, ಹಾಗಾಗಿ ಆಸೆಯಾಗುವುದು ಸಹಜ. 2018-19ಕ್ಕೆ 280, 2024-25ಕ್ಕೆ 363. ಅಂದರೆ ಆರು ವರ್ಷದಲ್ಲಿ ಶೇ 29.6 ಏರಿಕೆ. ಅದೇ ಆರು ವರ್ಷದಲ್ಲಿ ಸಿಪಿಐ ಏರಿದ್ದು ಸುಮಾರು ಶೇ 38. ವ್ಯತ್ಯಾಸಕ್ಕೆ ಕಾರಣ ಕಾನೂನಿನಲ್ಲೇ ಇದೆ. ನಗರ ಸಿಪಿಐ ಏರಿಕೆಯ ಶೇ 75ರಷ್ಟನ್ನು ಮಾತ್ರ ಅದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಆಸ್ತಿ ಮಾರಿದಾಗ ತೆರಿಗೆ ಲೆಕ್ಕ ಹಾಕಲು ಇರುವ ಸಂಖ್ಯೆ. ನಿಮ್ಮ ಪಿಂಚಣಿ ಎಷ್ಟು ಕರಗಿತು ಎಂದು ಅಳೆಯಲು ಹೋದರೆ ನಷ್ಟ ಕಡಿಮೆ ತೋರಿಸುತ್ತದೆ.

## ಹಂತ 3: ದರವನ್ನು ಗುಣಕವಾಗಿ ಬದಲಿಸಿ

ದರವನ್ನು 100ರಿಂದ ಭಾಗಿಸಿ 1 ಸೇರಿಸಿ. ಶೇ 6 ಎಂದರೆ 1.06. ಶೇ 4.5 ಎಂದರೆ 1.045. ಶೇ 10 ಎಂದರೆ 1.10.

ಇಲ್ಲಿ ಆಗುವ ತಪ್ಪು ಒಂದೇ: 1.06 ಬದಲು 1.6 ಎಂದು ಒತ್ತುವುದು. ಹಾಗೆ ಮಾಡಿದರೆ ಹತ್ತು ವರ್ಷಕ್ಕೆ ₹20,000 ಇನ್ನೂರು ರೂಪಾಯಿಯೂ ಇಲ್ಲದಷ್ಟು ಕುಗ್ಗುತ್ತದೆ. ಅಂಥ ಉತ್ತರ ಕಂಡರೆ ಮೊದಲು ಸೊನ್ನೆ ಬಿಟ್ಟಿದ್ದೀರಾ ನೋಡಿ.

## ಹಂತ 4: ಭಾಗಿಸಬೇಕು, ಕಳೆಯಬಾರದು

ಇಡೀ ಲೆಕ್ಕದ ತಿರುಳು ಇದು. ಇದೊಂದು ಮನಸ್ಸಿಗೆ ಹತ್ತಿದರೆ ಸೂತ್ರ ಮರೆತರೂ ನೀವೇ ಕಟ್ಟಿಕೊಳ್ಳಬಹುದು.

ಬೆಲೆ ಶೇ 6 ಏರಿದರೆ ಹಣದ ಶಕ್ತಿಯೂ ಶೇ 6 ಇಳಿಯಬೇಕು ಅಲ್ವಾ ಎಂದು ಅನಿಸುತ್ತದೆ. ಹಾಗಲ್ಲ. ₹100 ಬೆಲೆಯ ಒಂದು ಸಾಮಾನು ತೆಗೆದುಕೊಳ್ಳಿ. ಇವತ್ತು ₹20,000ಕ್ಕೆ ಅಂಥವು 200 ಬರುತ್ತವೆ. ಮುಂದಿನ ವರ್ಷ ಅದರ ಬೆಲೆ ₹106. ಆಗ ಎಷ್ಟು ಬರುತ್ತವೆ? 20,000 ಭಾಗಿಸು 106, ಅಂದರೆ 188.68. ಇವತ್ತಿನ ಬೆಲೆಯಲ್ಲಿ ಅಷ್ಟು ಸಾಮಾನಿಗೆ ₹18,868. ಶೇ 6 ಕಳೆದಿದ್ದರೆ ₹18,800 ಬರುತ್ತಿತ್ತು. ನಿಜವಾಗಿ ಹೋದದ್ದು ಶೇ 5.66.

ವ್ಯತ್ಯಾಸ ಚಿಕ್ಕದು ಎನಿಸಿದರೆ ದೊಡ್ಡ ದರ ಹಾಕಿ ನೋಡಿ. ಬೆಲೆ ಶೇ 100 ಏರಿತು ಎಂದುಕೊಳ್ಳಿ, ಅಂದರೆ ಎರಡು ಪಟ್ಟಾಯಿತು. ಕಳೆಯುವ ಕ್ರಮದಲ್ಲಿ ನಿಮ್ಮ ಹಣದ ಬೆಲೆ ಸೊನ್ನೆ. ಆದರೆ ಎರಡು ಪಟ್ಟು ಬೆಲೆಯಾದರೂ ಅರ್ಧದಷ್ಟು ಸಾಮಾನು ಬಂದೇ ಬರುತ್ತದೆ. ಭಾಗಿಸಿದರೆ ಉತ್ತರ ಸರಿಯಾಗಿ ಅರ್ಧ.

ಕಳೆಯುವ ತಪ್ಪು ಎರಡು ರೂಪದಲ್ಲಿ ಬರುತ್ತದೆ. ಹತ್ತು ವರ್ಷಕ್ಕೆ ಶೇ 6ರಂತೆ ಒಟ್ಟು ಶೇ 60 ಎಂದು ಒಂದೇ ಸಲ ಕಳೆದರೆ ₹8,000. ಈ ದಾರಿಯಲ್ಲಿ ಇಪ್ಪತ್ತು ವರ್ಷಕ್ಕೆ ಶೇ 120 ಕಳೆಯಬೇಕಾಗುತ್ತದೆ, ಹಣ ಸೊನ್ನೆಗಿಂತ ಕೆಳಗೆ ಹೋಗುತ್ತದೆ! ಪ್ರತಿ ವರ್ಷವೂ ಉಳಿದದ್ದರಲ್ಲಿ ಶೇ 6 ಕಳೆಯುತ್ತಾ ಹೋದರೆ ₹10,772. ಈ ಎರಡನೆಯದು ಸರಿ ಉತ್ತರದ ಹತ್ತಿರ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕ್ಯಾಲ್ಕುಲೇಟರಿನ % ಗುಂಡಿ ಮಾಡುವುದೂ ಇದನ್ನೇ. `20000 - 6%` ಎಂದು ಒತ್ತಿದರೆ ಅದು ₹18,800 ತೋರಿಸುತ್ತದೆ. ಈ ಲೆಕ್ಕದಲ್ಲಿ ಆ ಗುಂಡಿಯ ಹತ್ತಿರ ಹೋಗಲೇಬೇಡಿ.

ಎಚ್ಚರಿಕೆಯ ಗುರುತು: ಶೇ 6 ದರಕ್ಕೆ ಒಂದು ವರ್ಷದ ಉತ್ತರ ₹18,868 ಬರಬೇಕು. ₹18,800 ಬಂದರೆ ಕಳೆದಿದ್ದೀರಿ. ಹತ್ತು ವರ್ಷದ ಲೆಕ್ಕಕ್ಕೆ ಇಳಿಯುವ ಮುಂಚೆ ಈ ಒಂದು ವರ್ಷದ ಪರೀಕ್ಷೆ ಮಾಡಿ.

## ಹಂತ 5: ವರ್ಷಗಳಷ್ಟು ಸಲ ಭಾಗಿಸಿ

ಮೊದಲು ವರ್ಷಗಳನ್ನು ಸರಿಯಾಗಿ ಎಣಿಸಿ. 2025ರ ಜೂನ್‌ನಿಂದ 2035ರ ಜೂನ್‌ಗೆ 10 ವರ್ಷ. 2025, 2026 ಎಂದು ಬೆರಳು ಮಡಚಿದರೆ 11 ಬರುತ್ತದೆ. ಎಣಿಸಬೇಕಾದದ್ದು ವರ್ಷಗಳ ಹೆಸರನ್ನಲ್ಲ, ನಡುವೆ ಎಷ್ಟು ಸಲ ವರ್ಷ ತುಂಬಿತು ಎಂಬುದನ್ನು.

ಈಗ ಭಾಗಿಸಿ. ಮೊದಲ ಐದು ವರ್ಷವನ್ನಾದರೂ ಕೈಯಲ್ಲೇ ಮಾಡಿ:

```
20000 / 1.06 = 18868
18868 / 1.06 = 17800
17800 / 1.06 = 16792
16792 / 1.06 = 15842
15842 / 1.06 = 14945
```

ಒಂದು ಸಂಗತಿ ಗಮನಿಸಿ. ಮೊದಲ ವರ್ಷ ₹1,132 ಹೋಯಿತು, ಐದನೆಯ ವರ್ಷ ₹897. ನಷ್ಟ ಪ್ರತಿ ವರ್ಷ ಚಿಕ್ಕದಾಗುತ್ತಾ ಹೋಗುತ್ತದೆ, ಏಕೆಂದರೆ ಕರಗಲು ಉಳಿದಿರುವುದೇ ಕಡಿಮೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ವರ್ಷವೂ ಒಂದೇ ಮೊತ್ತ ಕಡಿಮೆಯಾಗುತ್ತಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಬಹಳಷ್ಟು ಮೊಬೈಲ್ ಕ್ಯಾಲ್ಕುಲೇಟರ್‌ಗಳಲ್ಲಿ `20000 ÷ 1.06` ಒತ್ತಿ ಆಮೇಲೆ `=` ಗುಂಡಿಯನ್ನೇ ಮತ್ತೆ ಮತ್ತೆ ಒತ್ತಿದರೆ ಪ್ರತಿ ಸಲ 1.06ರಿಂದ ಭಾಗಿಸುತ್ತದೆ. ಹತ್ತು ಸಲ ಒತ್ತಿದರೆ ಹತ್ತು ವರ್ಷ. ಕೆಲವು ಯಂತ್ರಗಳಲ್ಲಿ ಇದು ನಡೆಯುವುದಿಲ್ಲ. ಎರಡನೇ ಸಲ ಒತ್ತಿದಾಗ 17,800ರ ಹತ್ತಿರದ ಸಂಖ್ಯೆ ಬಂತಾ ಎಂದು ನೋಡಿಕೊಂಡು ಮುಂದುವರಿಯಿರಿ. ವರ್ಷ ಜಾಸ್ತಿಯಿದ್ದರೆ ಘಾತದ ಗುಂಡಿ ಬಳಸಿ. ಅದು xʸ ಅಥವಾ ^ ಎಂದು ಕಾಣುತ್ತದೆ. ಹಲವು ಫೋನುಗಳಲ್ಲಿ ಫೋನನ್ನು ಅಡ್ಡ ಹಿಡಿದರೆ ಈ ಗುಂಡಿ ಬರುತ್ತದೆ.

```
1.06 ^ 10 = 1.790848
20000 / 1.790848 = 11168
```

1.790848 ಅನ್ನು ಸುಮ್ನೆ 1.8 ಎಂದು ಮಾಡಿಕೊಳ್ಳಬೇಡಿ. ದುಂಡಗಿನ ಸಂಖ್ಯೆ ಮಾಡುವುದಿದ್ದರೆ ಕೊನೆಯ ಉತ್ತರದಲ್ಲಿ ಮಾತ್ರ ಮಾಡಿ. ಎರಡೂವರೆ ವರ್ಷದಂಥ ಅವಧಿ ಇದ್ದರೆ ಘಾತದ ಜಾಗದಲ್ಲಿ 2.5 ಎಂದೇ ಹಾಕಬಹುದು.

ಸ್ಪ್ರೆಡ್‌ಶೀಟ್‌ನಲ್ಲಾದರೆ A2ರಲ್ಲಿ ಮೊತ್ತ, B2ರಲ್ಲಿ ದರ, C2ರಲ್ಲಿ ವರ್ಷ ಬರೆದು ಈ ಸೂತ್ರ ಹಾಕಿ:

```
=A2/(1+B2/100)^C2
```

B2ರಲ್ಲಿ ಬರೀ 6 ಎಂದು ಬರೆಯಿರಿ. 6% ಎಂದು ಬರೆದರೆ ಶೀಟ್ ಅದನ್ನು 0.06 ಎಂದು ಹಿಡಿಯುತ್ತದೆ. ಸೂತ್ರ ಮತ್ತೊಮ್ಮೆ 100ರಿಂದ ಭಾಗಿಸುತ್ತದೆ, ಉತ್ತರ ₹19,880 ಬರುತ್ತದೆ. ಹತ್ತು ವರ್ಷ ಕಳೆದರೂ ಹಣ ಅಲುಗಾಡಿಲ್ಲ ಎಂದು ಕಂಡರೆ ಇದೇ ಕಾರಣ. ಇನ್ನು ಆವರಣ ಬಿಟ್ಟು `=20000/1+6%^10` ಎಂದು ಬರೆದರೆ ಉತ್ತರ ₹20,000 ಹಾಗೇ ನಿಲ್ಲುತ್ತದೆ.

## ಹಂತ 6: ನಷ್ಟ ಎಷ್ಟೆಂದು ಬರೆಯಿರಿ, ಆಮೇಲೆ ಪರೀಕ್ಷಿಸಿ

20,000ರಿಂದ 11,168 ಕಳೆದರೆ 8,832. ಇದು ತಿಂಗಳಿಗೆ ಆಗುವ ನಷ್ಟ, ಇವತ್ತಿನ ರೂಪಾಯಿಯಲ್ಲಿ. ಅದನ್ನು 20,000ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ 44.2.

ಇಲ್ಲೊಂದು ಗೊಂದಲ ಆಗುತ್ತದೆ. ಬೆಲೆ ಏರಿದ್ದು ಶೇ 79, ಹಣದ ಶಕ್ತಿ ಇಳಿದದ್ದು ಶೇ 44. ಎರಡೂ ಸರಿ. ಒಂದೇ ಬದಲಾವಣೆಯನ್ನು ಒಮ್ಮೆ ಸಾಮಾನಿನ ಕಡೆಯಿಂದ, ಇನ್ನೊಮ್ಮೆ ಹಣದ ಕಡೆಯಿಂದ ನೋಡಿದ್ದೇವೆ ಅಷ್ಟೇ. "ನನ್ನ ಪಿಂಚಣಿ ಶೇ 79 ಕರಗಿತು" ಎಂದು ಹೇಳುವುದು ತಪ್ಪು.

ಪರೀಕ್ಷೆಗೆ ಎರಡು ದಾರಿ. ಮೊದಲನೆಯದು ತಿರುಗಿ ಗುಣಿಸುವುದು: 11,168 × 1.790848 ಮಾಡಿದರೆ ₹20,000ಕ್ಕೆ ವಾಪಸ್ ಬರಬೇಕು. ಒಂದೆರಡು ರೂಪಾಯಿ ಆಚೀಚೆ ಆದರೆ ಪರವಾಗಿಲ್ಲ.

ಎರಡನೆಯದು 72ರ ಸೂತ್ರ. 72ನ್ನು ದರದಿಂದ ಭಾಗಿಸಿದರೆ ಸುಮಾರು ಎಷ್ಟು ವರ್ಷಕ್ಕೆ ಹಣದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಉಳಿತಾಯ ಎರಡು ಪಟ್ಟಾಗಲು ಎಷ್ಟು ವರ್ಷ ಎಂದು ನೋಡಲು ಬಳಸುವ ಸೂತ್ರವೇ ಇದು. ಬೆಲೆ ಎರಡು ಪಟ್ಟಾದ ದಿನವೇ ಹಣದ ಶಕ್ತಿ ಅರ್ಧವಾಗುವುದರಿಂದ ಇಲ್ಲೂ ನಡೆಯುತ್ತದೆ. ಶೇ 6ಕ್ಕೆ 12 ವರ್ಷ. ಸರಿಯಾಗಿ ಭಾಗಿಸಿ ನೋಡಿದರೆ 12 ವರ್ಷಕ್ಕೆ ₹9,939 ಬರುತ್ತದೆ, ಅಂದರೆ ಅರ್ಧವೇ. ಹಾಗಿದ್ದ ಮೇಲೆ 10 ವರ್ಷದ ಉತ್ತರ ಅರ್ಧಕ್ಕಿಂತ ಸ್ವಲ್ಪ ಮೇಲಿರಬೇಕು. ₹11,168 ಅಲ್ಲೇ ಇದೆ. ₹8,000 ಉತ್ತರ ತಪ್ಪು ಎಂದು ಇಷ್ಟರಿಂದಲೇ ಹೇಳಬಹುದಿತ್ತು.

ಮೂರೂ ದರಕ್ಕೆ ₹20,000ದ ಲೆಕ್ಕ ಹೀಗೆ ಬರುತ್ತದೆ. ನಿಮ್ಮ ಉತ್ತರ ತಾಳೆ ನೋಡಿಕೊಳ್ಳಿ.

| ದರ | 10 ವರ್ಷದ ಮೇಲೆ | 20 ವರ್ಷದ ಮೇಲೆ |
|---|---|---|
| ಶೇ 4 | ₹13,511 | ₹9,128 |
| ಶೇ 5 | ₹12,278 | ₹7,538 |
| ಶೇ 6 | ₹11,168 | ₹6,236 |

ಹತ್ತು ವರ್ಷದ ಅಂಕಣದಲ್ಲಿ ಶೇ 4ಕ್ಕೂ ಶೇ 6ಕ್ಕೂ ಎರಡೂಕಾಲು ಸಾವಿರದಷ್ಟು ಅಂತರ ಇದೆ. ಒಂದೇ ದರ ನಂಬಿ ಕೂರಬೇಡಿ ಎಂದು ಹಂತ 2ರಲ್ಲಿ ಹೇಳಿದ್ದು ಇದಕ್ಕೇ. ಅರವತ್ತಕ್ಕೆ ನಿವೃತ್ತರಾದವರಿಗೆ 20 ವರ್ಷ ದೂರದ ಮಾತೇನಲ್ಲ.

## ಹಂತ 7: ಕಳೆದ ವರ್ಷಗಳ ಲೆಕ್ಕವಾದರೆ ನಿಜವಾದ ದರಗಳನ್ನು ಗುಣಿಸಿ

ಮುಂದಿನದ್ದನ್ನು ಅಂದಾಜು ಮಾಡುವಾಗ ಒಂದೇ ದರ ಸಾಕು. ಆಗಿಹೋದ ವರ್ಷಗಳಿಗೆ ಪ್ರತಿ ವರ್ಷದ ದರವೂ ಸಿಗುತ್ತದೆ. ಅದನ್ನೇ ಬಳಸಬೇಕು. ನಮ್ಮಲ್ಲಿ ಲಕ್ಷಾಂತರ ಮಂದಿಗೆ ಸಂಬಂಧಿಸಿದ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಇಪಿಎಸ್-95 ಯೋಜನೆಯ ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ ₹1,000 ಎಂದು ನಿಗದಿ ಮಾಡಿದರು. 2024-25ರಲ್ಲೂ ಅದು ₹1,000 ಆಗಿಯೇ ಇತ್ತು. ಈ ಅವಧಿಯಲ್ಲಿ ಆ ಸಾವಿರ ರೂಪಾಯಿ ಎಷ್ಟು ಕರಗಿತು?

ಆಧಾರ ವರ್ಷ 2014-15. ಅದರ ನಂತರದ ಹತ್ತು ವರ್ಷಗಳ ಸರಾಸರಿ ಸಿಪಿಐ ದರ ಕ್ರಮವಾಗಿ ಹೀಗಿದೆ: 2015-16ರಲ್ಲಿ ಶೇ 4.9, ಆಮೇಲೆ 4.5, 3.6, 3.4, 4.8, 6.2, 5.5, 6.7, 5.4, ಕೊನೆಗೆ 2024-25ರಲ್ಲಿ 4.6. 2014-15ರ ದರವನ್ನು ಸೇರಿಸಿಲ್ಲ ನೋಡಿ. ಆ ದರ ಅದರ ಹಿಂದಿನ ವರ್ಷಕ್ಕೆ ಹೋಲಿಸಿದ್ದು. ನಾವು ಅಳೆಯುತ್ತಿರುವುದು 2014-15ರಿಂದ ಮುಂದಕ್ಕೆ. ಮೊದಲ ವರ್ಷದ ದರ ಸೇರಿಸಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಪ್ರತಿಯೊಂದನ್ನೂ ಗುಣಕ ಮಾಡಿ ಒಟ್ಟಿಗೆ ಗುಣಿಸಿ:

```
1.049 * 1.045 * 1.036 * 1.034 * 1.048
* 1.062 * 1.055 * 1.067 * 1.054 * 1.046
= 1.622
1000 / 1.622 = 617
```

2014-15ರ ರೂಪಾಯಿಯಲ್ಲಿ ಅದರ ಬೆಲೆ ಸುಮಾರು ₹617ಕ್ಕೆ ಇಳಿದಿದೆ. ಮೊದಲಿನ ಶಕ್ತಿಯಲ್ಲೇ ಇರಬೇಕಿದ್ದರೆ 2024-25ರಲ್ಲಿ ₹1,622 ಆಗಬೇಕಿತ್ತು. ಒಂದು ರೂಪಾಯಿಯನ್ನೂ ಯಾರೂ ಕಡಿತ ಮಾಡಿಲ್ಲ, ಪಾಸ್‌ಬುಕ್ಕಿನಲ್ಲಿ ಸಂಖ್ಯೆ ಹಾಗೇ ಇದೆ. ಆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದೆ.

ದರಗಳನ್ನು ಗುಣಿಸದೆ ಕೂಡಿದವರಿಗೆ 49.6 ಬರುತ್ತದೆ. ನಿಜವಾದ ಬೆಲೆ ಏರಿಕೆ ಶೇ 62.2. ಏರಿದ ಬೆಲೆಯ ಮೇಲೆ ಮತ್ತೆ ಏರಿದ್ದು ಕೂಡುವಾಗ ಬಿಟ್ಟುಹೋಗುತ್ತದೆ. ವರ್ಷಕ್ಕೆ ಶೇ 5 ಎಂದು ಹಿಡಿದು ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ₹614 ಬರುತ್ತದೆ, ನಿಜದ ಉತ್ತರಕ್ಕೆ ತೀರಾ ಹತ್ತಿರ. ನಡುವಿನ ದರವಾಗಿ ಶೇ 5 ಹಿಡಿಯಲು ಹೇಳಿದ್ದು ಇದರ ಆಧಾರದ ಮೇಲೆಯೇ.

ದರಗಳ ಬದಲು ಸೂಚ್ಯಂಕದ ಸಂಖ್ಯೆಯನ್ನೇ ಬಳಸುವುದು ಇನ್ನೂ ಸುಲಭ: ಹೊಸ ಸೂಚ್ಯಂಕವನ್ನು ಹಳೆಯದರಿಂದ ಭಾಗಿಸಿದರೆ ಗುಣಕ ಸಿಕ್ಕಿತು. ಆದರೆ ಎರಡೂ ಸಂಖ್ಯೆ ಒಂದೇ ಸರಣಿಯವಾಗಿರಬೇಕು. ಆಧಾರ ವರ್ಷ ಬದಲಾದಾಗ ಸೂಚ್ಯಂಕ ಮತ್ತೆ 100ರಿಂದ ಶುರುವಾಗುತ್ತದೆ. 2012=100 ಸರಣಿಯ ಒಂದು ಸಂಖ್ಯೆಯನ್ನೂ ಬೇರೆ ಆಧಾರದ ಇನ್ನೊಂದನ್ನೂ ಹಿಡಿದು ಭಾಗಿಸಿದರೆ ಬೆಲೆ ಇಳಿದಂತೆ ಕಾಣುತ್ತದೆ. ಗುಣಕ 1ಕ್ಕಿಂತ ಕಡಿಮೆ ಬಂದರೆ ಮೊದಲು ಆಧಾರ ವರ್ಷ ನೋಡಿ.

## ಹಂತ 8: ಎಫ್‌ಡಿ ಬಡ್ಡಿ ತಿನ್ನುವವರು ಈ ಒಂದು ಲೆಕ್ಕ ಹೆಚ್ಚಿಗೆ ಮಾಡಬೇಕು

"ನನ್ನ ಹಣ ಸುಮ್ನೆ ಬಿದ್ದಿಲ್ಲ, ಬಡ್ಡಿ ಬರುತ್ತಿದೆ" ಎಂದು ಹೇಳುವವರು ಬಹಳ. ಬಡ್ಡಿ ಅಸಲಿಗೆ ಸೇರುತ್ತಿದ್ದರೆ ಆ ಮಾತು ಸರಿ. ಪ್ರತಿ ತಿಂಗಳು ಬಡ್ಡಿ ತೆಗೆದು ಖರ್ಚು ಮಾಡುತ್ತಿದ್ದರೆ ಅಸಲು ನಿಗದಿತ ಮೊತ್ತವೇ, ಬಡ್ಡಿಯೂ ನಿಗದಿತ ಮೊತ್ತವೇ. ಎರಡೂ ಒಟ್ಟಿಗೆ ಕರಗುತ್ತವೆ.

₹10 ಲಕ್ಷ ಇಟ್ಟಿದ್ದೀರಿ, ಲೆಕ್ಕ ಸುಲಭವಾಗಲೆಂದು ಬಡ್ಡಿ ಶೇ 7.2 ಎಂದುಕೊಳ್ಳಿ. ತಿಂಗಳಿಗೆ ₹6,000 ಕೈಗೆ ಬರುತ್ತದೆ. ಬೆಲೆ ಶೇ 6ರಂತೆ ಏರಿದರೆ ಹತ್ತು ವರ್ಷದ ಮೇಲೆ ಆ ₹6,000ಕ್ಕೆ ಇವತ್ತಿನ ₹3,350ರ ಬೆಲೆ. ಅಸಲು ₹10 ಲಕ್ಷಕ್ಕೆ ₹5.58 ಲಕ್ಷದ ಬೆಲೆ.

ಅಸಲಿನ ಶಕ್ತಿ ಹಾಗೇ ಉಳಿಯಬೇಕಾದರೆ ಎಷ್ಟು ಖರ್ಚು ಮಾಡಬಹುದು? ಒಂದು ವರ್ಷಕ್ಕೆ ಬಡ್ಡಿ ₹72,000. ಬೆಲೆ ಶೇ 6 ಏರಿದ ಮೇಲೆ ಅಸಲು ₹10,60,000 ಇದ್ದರೆ ಮಾತ್ರ ಅದಕ್ಕೆ ಮೊದಲಿನ ಶಕ್ತಿ. ಅಂದರೆ ₹60,000 ಅಲ್ಲೇ ಬಿಡಬೇಕು. ತಿನ್ನಲು ಸಿಗುವುದು ವರ್ಷಕ್ಕೆ ₹12,000, ತಿಂಗಳಿಗೆ ₹1,000. ಇದು ತೆರಿಗೆ ಹಿಡಿಯುವುದಕ್ಕೆ ಮುಂಚಿನ ಮಾತು. ತೆರಿಗೆ ಬೀಳುವುದು ಇಡೀ ₹72,000 ಮೇಲೆ, ಆ ಸಾವಿರದ ಮೇಲಲ್ಲ.

ಎಲ್ಲರೂ ಹೀಗೆ ಬಡ್ಡಿ ಉಳಿಸಲೇಬೇಕು ಎಂದು ನಾನು ಹೇಳುವುದಿಲ್ಲ. ಎಂಬತ್ತು ದಾಟಿದವರು ಅಸಲನ್ನು ಕರಗಿಸಿ ನೆಮ್ಮದಿಯಾಗಿ ಬದುಕುವುದರಲ್ಲಿ ತಪ್ಪೇನಿಲ್ಲ. ಅಸಲು ಭದ್ರವಾಗಿದೆ ಎಂದು ನಂಬಿಕೊಂಡು ಅದನ್ನು ಕರಗಿಸಬಾರದು, ಅಷ್ಟೇ.

## ಹಂತ 9: ನಿಮ್ಮ ಮನೆಯ ದರವನ್ನು ಪಕ್ಕಕ್ಕಿಟ್ಟು ನೋಡಿ

ಸಿಪಿಐ ದೇಶದ ಸರಾಸರಿ ಸಂಸಾರದ್ದು. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಕ್ಕೆ ಶೇ 45.86 ತೂಕ, ಆರೋಗ್ಯಕ್ಕೆ ಶೇ 5.89 ಮಾತ್ರ. ಇಬ್ಬರೇ ಇರುವ ವಯಸ್ಸಾದವರ ಮನೆಯಲ್ಲಿ ಮಾತ್ರೆ, ಆಸ್ಪತ್ರೆ, ಆರೋಗ್ಯ ವಿಮೆಯ ಕಂತು ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅಂಥವರಿಗೆ ಸರ್ಕಾರಿ ದರ ಹೊಂದದೆ ಹೋಗಬಹುದು.

ನಿಮ್ಮದೇ ದರ ತೆಗೆಯಲು ಹೋದ ವರ್ಷದ ಒಂದು ತಿಂಗಳ ಬಿಲ್ಲುಗಳು ಬೇಕು: ದಿನಸಿ, ಹಾಲು, ಔಷಧ, ಕರೆಂಟು, ಬಾಡಿಗೆ, ಕೆಲಸದವರ ಸಂಬಳ. ವರ್ಷಕ್ಕೊಮ್ಮೆ ಕಟ್ಟುವ ವಿಮಾ ಕಂತನ್ನು 12ರಿಂದ ಭಾಗಿಸಿ ಸೇರಿಸಿ. ಅದೇ ಸಾಮಾನು, ಅದೇ ಪ್ರಮಾಣಕ್ಕೆ ಈ ವರ್ಷದ ಬೆಲೆ ಪಕ್ಕದಲ್ಲಿ ಬರೆಯಿರಿ. ಎರಡನ್ನೂ ಕೂಡಿ. ಹೋದ ವರ್ಷ ₹20,000 ಆದದ್ದು ಈಗ ₹21,400 ಆದರೆ ನಿಮ್ಮ ಮನೆಯ ದರ ಶೇ 7.

ಅದೇ ಪ್ರಮಾಣ ಎಂಬುದನ್ನು ಬಿಡಬೇಡಿ. ಒಟ್ಟು ಖರ್ಚನ್ನು ಮಾತ್ರ ಹೋಲಿಸಿದರೆ ತಪ್ಪಾಗುತ್ತದೆ. ಬೆಲೆ ಏರಿದಾಗ ನಾವು ಗೊತ್ತಿಲ್ಲದೆಯೇ ಕಡಿಮೆ ಕೊಳ್ಳುತ್ತೇವೆ, ಖರ್ಚು ಅಷ್ಟೇ ಇದ್ದಂತೆ ಕಾಣುತ್ತದೆ. ಪೊಟ್ಟಣದ ಸಾಮಾನಿನಲ್ಲಿ ಇನ್ನೊಂದು ಮೋಸ ಇದೆ. ಹತ್ತು ರೂಪಾಯಿಯ ಬಿಸ್ಕತ್ತು ಹತ್ತೇ ರೂಪಾಯಿ ಇರುತ್ತದೆ, ಒಳಗಿನ ಗ್ರಾಂ ಕಡಿಮೆಯಾಗಿರುತ್ತದೆ. ಪೊಟ್ಟಣದ ಬೆಲೆ ಬಿಟ್ಟು 100 ಗ್ರಾಂಗೆ ಎಷ್ಟಾಯಿತು ಎಂದು ಬರೆದುಕೊಳ್ಳಿ.

ಒಂದು ವರ್ಷದ ಮನೆ ದರವನ್ನು ಇಪ್ಪತ್ತು ವರ್ಷಕ್ಕೆ ಎಳೆಯಬೇಡಿ. ವಿಮಾ ಕಂತು ಒಂದೇ ಸಲ ಜಿಗಿದ ವರ್ಷ ಅದಾಗಿರಬಹುದು. ಮೂರ್ನಾಲ್ಕು ವರ್ಷ ಒಂದೇ ತಿಂಗಳಲ್ಲಿ ಪಟ್ಟಿ ಮಾಡಿ, ಹಂತ 7ರಂತೆ ಗುಣಕಗಳನ್ನು ಗುಣಿಸಿ. ಅದು ಸಿಪಿಐಗಿಂತ ಪ್ರತಿ ವರ್ಷ ಒಂದೆರಡು ಅಂಶ ಮೇಲೆಯೇ ನಿಲ್ಲುತ್ತಿದ್ದರೆ ಹಂತ 6ರ ಕೋಷ್ಟಕಕ್ಕೆ ಶೇ 7ರ ಒಂದು ಸಾಲು ಸೇರಿಸಿ: ₹20,000ಕ್ಕೆ ಹತ್ತು ವರ್ಷದ ಮೇಲೆ ₹10,167, ಇಪ್ಪತ್ತು ವರ್ಷದ ಮೇಲೆ ₹5,168.